ಕ್ಷೇತ್ರ ಟಿಪ್ಪಣಿ: ಕಂಡದ್ದನ್ನೂ ಅಂದುಕೊಂಡದ್ದನ್ನೂ ಬೇರೆ ಮಾಡಿದ್ದು ಹೀಗೆ

ವರದಿ ಬರೆಯಲು ಕೂತಾಗ, ಸಭೆಗಳಲ್ಲಿ ಕೂತು ಬರೆದುಕೊಂಡ ಟಿಪ್ಪಣಿಯಲ್ಲಿ ಸಿಕ್ಕಿದ್ದು ಇಂಥ ಸಾಲು: ‘ಹಿರಿಯ ಸದಸ್ಯೆಗೆ ಸಿಟ್ಟು ಬಂತು.’ ಆಕೆ ನಿಜಕ್ಕೂ ಮಾಡಿದ್ದೇನು? ತಿಂಗಳುಗಳ ನಂತರ ತಿಳಿಯಲು ದಾರಿಯೇ ಇರಲಿಲ್ಲ.

ಕಂಡದ್ದಕ್ಕೊಂದು, ಅಂದುಕೊಂಡದ್ದಕ್ಕೊಂದು ಅಂತ ಎರಡು ಬಣ್ಣದ ಪೆನ್ ಇಟ್ಟು ನೋಡಿದೆ, ಆಗಲಿಲ್ಲ. ಮಾತು ಓಡುವಾಗ ಪೆನ್ ಬದಲಿಸಲು ಪುರುಸೊತ್ತೆಲ್ಲಿ? ಸ್ಥಳದಲ್ಲೇ ಎರಡು ಕಾಲಂ ಹಾಕಿದಾಗ ಯೋಚನೆಯ ಕಾಲಮ್ಮೇ ಜಾಸ್ತಿ ತುಂಬಿತು, ನಡೆದದ್ದು ತಪ್ಪಿಹೋಯಿತು.

ಕೊನೆಗೆ ಸರಿಹೋದದ್ದು ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಬರೆದಾಗ. ಸ್ಥಳದಲ್ಲಿ ಸಮಯ, ಯಾರು, ಏನು ಮಾಡಿದರು, ಆಡಿದ ಮಾತು, ಇಷ್ಟೇ. ಅದೇ ರಾತ್ರಿ, ಆ ವಿಷಯ ಯಾರ ಜೊತೆಗೂ ಮಾತಾಡುವ ಮೊದಲು, ನಡೆದ ಕ್ರಮದಲ್ಲೇ ವಿಸ್ತರಿಸಿ ಪ್ಯಾರಾಗಳಿಗೆ ನಂಬರ್ ಹಾಕುವುದು. ಪದಕ್ಕೆ ಪದ ನೆನಪಿರುವ ಮಾತಿಗೆ ಜೋಡಿ ಉದ್ಧರಣ ಚಿಹ್ನೆ, ಸಾರಾಂಶಕ್ಕೆ ಯಾವುದೂ ಇಲ್ಲ. ಅರ್ಥ ಹೊಳೆದರೆ ಸುಮ್ನೆ ಒಂದು ನಕ್ಷತ್ರ ಗುರುತು.

ಆಮೇಲೊಮ್ಮೆ ಅದೇ ಹಿರಿಯ ಸದಸ್ಯೆಯ ಬಗ್ಗೆ ಅಂಥದ್ದೇ ಸಾಲು ಬರೆಯಬೇಕಾದಾಗ ಅದು ಹೀಗಾಯಿತು: ‘14. ಹೊಸಬ ಲೆಕ್ಕ ಕೇಳಿದ. ಆಕೆ ಪುಸ್ತಕ ಮುಚ್ಚಿದರು, ಕಿಟಕಿ ಕಡೆ ತಿರುಗಿದರು. “ಮುಂದಿನ ವಿಷಯ” ಅಂದರು.’*

ಮರುದಿನ ಬೆಳಿಗ್ಗೆ, ಬೇರೆ ಪುಸ್ತಕದಲ್ಲಿ: ‘14: ಸಿಟ್ಟು ಇರಬಹುದು. ಅಥವಾ ಹೊಸಬರು ಲೆಕ್ಕ ಕೇಳುವ ರೂಢಿ ಇಲ್ಲದಿರಬಹುದು. ಹಳಬರು ಕೇಳಿದಾಗ ನೋಡಬೇಕು.’ ನಂಬರ್ ಇಲ್ಲದ, ಎರಡನೇ ಅರ್ಥ ಇಲ್ಲದ ವ್ಯಾಖ್ಯಾನವನ್ನು ವರದಿಗೆ ಸೇರಿಸುವುದಿಲ್ಲ. ಮುಂದೊಂದು ಸಭೆಯಲ್ಲಿ ಹಳಬರೊಬ್ಬರು ಲೆಕ್ಕ ಕೇಳಿದರು. ಆಕೆ ಪುಸ್ತಕ ಅವರ ಕಡೆ ಸರಿಸಿದರು. ಎರಡನೇ ಅರ್ಥಕ್ಕೇ ಬಲ ಬಂತು.

ಯಾವುದನ್ನು ನೋಡುತ್ತೇವೆ ಅನ್ನೋದರಲ್ಲೇ ಆಯ್ಕೆ ಇದೆ, ಅಲ್ವಾ? ಅದು ಇದರಿಂದ ಹೋಗುವುದಿಲ್ಲ. ಹಾಗಾಗಿ ಪ್ರತಿ ದಿನದ ಟಿಪ್ಪಣಿಯ ಮೇಲೆ ಎಲ್ಲಿ ಕೂತಿದ್ದೆ, ಅಲ್ಲಿಂದ ಯಾರು ಕಾಣುತ್ತಿರಲಿಲ್ಲ ಅಂತ ಬರೆಯುತ್ತೇನೆ.