ಟೆರೇಸ್ ಮೇಲಿನ ಹತ್ತು ನಿಮಿಷ: ಮೊದಲು ಏನು ಮಾತಾಡೋದು, ಕಣ್ಣು ಎಲ್ಲಿಡೋದು?

ಉಪ್ಪಿಟ್ಟು, ಕೇಸರಿಬಾತ್ ಮುಗಿದಿರುತ್ತದೆ. ದೊಡ್ಡವರಲ್ಲಿ ಯಾರೋ ಒಬ್ಬರು ಗಂಟಲು ಸರಿ ಮಾಡಿಕೊಂಡು, “ಹುಡುಗ ಹುಡುಗಿ ಒಂದ್ ಹತ್ ನಿಮಿಷ ಮಾತಾಡ್ಕೊಳ್ಲಿ ಬಿಡಿ” ಅನ್ನುತ್ತಾರೆ. ಇಬ್ಬರ ಎದೆಯೂ ಡವಡವ. ನಾನು ನಾಲ್ಕು ಸಲ ಈ ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂತವಳು. ಅದರಲ್ಲಿ ಮೂರು ಸಲ ಟೆರೇಸ್ ಮೇಲೆ ಕೇಳಿಸಿಕೊಂಡ ಮೊದಲ ಪ್ರಶ್ನೆ ಒಂದೇ: “ನಿಮ್ಮ ಹಾಬೀಸ್ ಏನು?” ಮೂರು ಸಲವೂ “ಪುಸ್ತಕ ಓದೋದು” ಅಂದೆ. ಮೂರು ಸಲವೂ ಮಾತು ಅಲ್ಲಿಗೇ ನಿಂತಿತು. ಆಮೇಲೆ ಇಬ್ಬರೂ ನೀರಿನ ಟ್ಯಾಂಕ್ ನೋಡುತ್ತಾ ನಿಂತೆವು.

ಕಾಫಿ ಲೋಟದಿಂದಲೇ ಶುರು

ಮೊದಲ ನೋಟ ಟೆರೇಸ್ ಮೇಲೆ ಅಲ್ಲ, ಕೆಳಗೆ ಹಾಲ್‌ನಲ್ಲೇ ಆಗಿಹೋಗುತ್ತದೆ. ಹುಡುಗಿ ಕಾಫಿ ತಂದಾಗ ಎಷ್ಟೋ ಹುಡುಗರು ತಟ್ಟೆಯಲ್ಲಿನ ಉಪ್ಪಿಟ್ಟನ್ನೇ ನೋಡುತ್ತಿರುತ್ತಾರೆ. ಬೇಡ. ಲೋಟ ತಗೊಂಡು, ಮುಖ ನೋಡಿ “ಥ್ಯಾಂಕ್ಸ್” ಅನ್ನಿ. ಆ ಮಾತು ಹೇಳಲು ಹಿಡಿಯುವಷ್ಟು ಹೊತ್ತು ನೋಡಿದರೆ ಸಾಕು. ಹುಡುಗಿಯರಿಗೆ ಇದು ಉಲ್ಟಾ: ಲೋಟ ಅವರ ಕೈ ಸೇರುವವರೆಗೆ ಲೋಟವನ್ನೇ ನೋಡಿ, ಮುಖ ಆಮೇಲೆ. ನಾನು ಮೊದಲನೇ ಸಲ ಮುಖ ನೋಡಲು ಹೋಗಿ ಕಾಫಿಯನ್ನು ಅವರ ಮಾವನ ಪಂಚೆ ಮೇಲೆ ಚೆಲ್ಲಿದ್ದೆ.

ಇಷ್ಟಾದರೆ, ಮೇಲೆ ಹೋದಾಗ ಅದು ಎರಡನೇ ನೋಟ. ಅರ್ಧ ಭಯ ಇಲ್ಲೇ ಕಳೆಯುತ್ತದೆ.

ಮೊದಲ ಮಾತು ಮೆಟ್ಟಿಲ ಮೇಲೇ ಆಡಿಬಿಡಿ

ಎಲ್ಲರೂ ಮಾಡುವ ತಪ್ಪು ಏನೆಂದರೆ, ಮೇಲೆ ಹೋಗಿ, ಕುರ್ಚಿ ಎಳೆದುಕೊಂಡು, ಎದುರುಬದುರು ಕೂತ ಮೇಲೆ ಮಾತು ಹುಡುಕುವುದು. ಅಷ್ಟರಲ್ಲಿ ಮೌನ ಗಟ್ಟಿಯಾಗಿಬಿಟ್ಟಿರುತ್ತದೆ. ಹತ್ತುವಾಗ ಇಬ್ಬರ ಕಣ್ಣೂ ಮೆಟ್ಟಿಲ ಮೇಲಿರುತ್ತದೆ, ಮುಖ ನೋಡುವ ಕಷ್ಟವೇ ಇಲ್ಲ. ಮಾತು ಶುರು ಮಾಡಲು ಇದಕ್ಕಿಂತ ಸುಲಭದ ಜಾಗ ಸಿಗಲ್ಲ. ದನಿ ನಡುಗುತ್ತೆ ಅನ್ನಿಸಿದರೆ ಬಾಯಿ ತೆರೆಯುವ ಮುಂಚೆ ಒಮ್ಮೆ ಪೂರ್ತಿ ಉಸಿರು ಬಿಡಿ. ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಬೇಕು. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ.

ಏನು ಹೇಳೋದು? ಇಬ್ಬರಿಗೂ ಈಗಷ್ಟೇ ಆದ ಸಂಗತಿ. ಮೊದಲು ನಿಮ್ಮದೊಂದು ಮಾತು, ಆಮೇಲೆ ಪ್ರಶ್ನೆ.

“ಅಷ್ಟು ಜನರ ಮುಂದೆ ನಂಗೆ ಕೇಸರಿಬಾತ್ ರುಚಿನೇ ಗೊತ್ತಾಗ್ಲಿಲ್ಲ. ನಿಮಗೆ ಬೆಳಿಗ್ಗೆಯಿಂದ ಏನೇನು ಓಡಾಟ ಆಯ್ತು?”

ಇದರಲ್ಲಿ ಬುದ್ಧಿವಂತಿಕೆ ಏನೂ ಇಲ್ಲ, ಅದೇ ಇದರ ಗುಣ. ನಿಮಗೂ ಗಾಬರಿ ಇದೆ ಅಂತ ಅವರಿಗೆ ಗೊತ್ತಾಗುತ್ತದೆ. ಹೂಂ, ಊಹೂಂ ಅಂತ ಮುಗಿಸಲೂ ಆಗಲ್ಲ. “ಹಾಬೀಸ್ ಏನು” ಅನ್ನೋದು ಇಂಟರ್‌ವ್ಯೂ ಪ್ರಶ್ನೆ, ಅದಕ್ಕೆ ಬರುವುದೂ ಇಂಟರ್‌ವ್ಯೂ ಉತ್ತರವೇ. “ಫೋಟೋಗಿಂತ ಚೆನ್ನಾಗಿದೀರಿ” ಅಂದರೆ ಹೊಗಳಿದಿರೋ ಫೋಟೋ ಬೈದಿರೋ ತಿಳಿಯದೆ ಅವರು ಪೇಚಾಡುತ್ತಾರೆ. “ಈ ಸಂಬಂಧ ನಿಮಗೆ ಒಪ್ಪಿಗೆನಾ?” ಕೇಳಲೇಬೇಕು. ಆದರೆ ಮೊದಲ ಮಾತಾಗಿ ಕೇಳಿದರೆ ನಿಜವಾದ ಉತ್ತರ ಬರಲ್ಲ.

ಕುರ್ಚಿ, ಬಿಸಿಲು, ಕಣ್ಣು

ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಎದುರುಬದುರು ಹಾಕಬೇಡಿ. ಊಟದ ಟೇಬಲ್ಲಿನ ಮೂಲೆಯ ಆಚೀಚೆ ಕೂತ ಹಾಗೆ, ಓರೆಯಾಗಿ ಹಾಕಿ. ಆಗ ನೋಡಬೇಕು ಅನ್ನಿಸಿದಾಗ ತಲೆ ತಿರುಗಿಸಬಹುದು, ಬೇಡವಾದಾಗ ತೆಂಗಿನ ಮರ ನೋಡಬಹುದು. ಬಿಸಿಲಿಗೆ ಮುಖ ಮಾಡಿ ಕೂತರೆ ಕಣ್ಣು ಕಿರಿದಾಗಿ ಸಿಟ್ಟಿನವರ ಹಾಗೆ ಕಾಣುತ್ತೀರಿ.

ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಅದನ್ನು ಅಕ್ಷರಶಃ ಪಾಲಿಸಿದ ಒಬ್ಬರ ಮುಂದೆ ನಾನು ಕೂತಿದ್ದೆ. ಪೊಲೀಸ್ ವಿಚಾರಣೆ ಅನ್ನಿಸಿತ್ತು. 2016ರಲ್ಲಿ ಲಂಡನ್ನಿನ ಸಂಶೋಧಕರು ಸುಮಾರು 500 ಜನರಿಗೆ ತಮ್ಮನ್ನೇ ನೋಡುವ ಮುಖಗಳ ವಿಡಿಯೊ ತೋರಿಸಿ, ಎಷ್ಟು ಹೊತ್ತು ನೋಡಿದರೆ ಹಿತ ಅಂತ ಕೇಳಿದ್ದರು. ಸರಾಸರಿ ಬಂದದ್ದು 3.3 ಸೆಕೆಂಡ್. ಅದು ವಿಡಿಯೊ ಮುಂದಿನ ಲೆಕ್ಕ. ನಮ್ಮ ಟೆರೇಸ್ ಮೇಲೆ, ಬಾಗಿಲ ಸಂದಿಯಿಂದ ಪಕ್ಕದ ಮನೆ ಮಗು ಇಣುಕುವಾಗ, ಎರಡೇ ಸೆಕೆಂಡ್ ಅಂತಿಟ್ಟುಕೊಳ್ಳಿ.

ಹಾಗಂತ ಸೆಕೆಂಡ್ ಎಣಿಸುತ್ತಾ ಕೂರಬೇಡಿ. ಯಾವಾಗ ನೋಡಬೇಕು ಅನ್ನೋದು ಮುಖ್ಯ. ಜನ ಮಾತಾಡುವುದನ್ನು ಫಿಲ್ಮ್ ಮಾಡಿ ಗಮನಿಸಿದ ಆಡಮ್ ಕೆಂಡನ್ 1967ರಲ್ಲೇ ಬರೆದಿದ್ದರು: ಮಾತು ಶುರು ಮಾಡುವಾಗ ನಾವು ಕಣ್ಣು ಆಚೆ ತಿರುಗಿಸುತ್ತೇವೆ, ಮುಗಿಸುವ ಹೊತ್ತಿಗೆ ಮತ್ತೆ ನೋಡುತ್ತೇವೆ. ನಿಮ್ಮ ಅಮ್ಮ ಪಕ್ಕದ ಮನೆಯವರ ಹತ್ತಿರ ಮಾತಾಡುವಾಗ ಗಮನಿಸಿ, ಹೀಗೇ ಇರುತ್ತದೆ. ಟೆರೇಸ್ ಮೇಲೂ ಅಷ್ಟೇ ಮಾಡಿ. ಯೋಚಿಸುವಾಗ ಎಲ್ಲಾದರೂ ನೋಡಿ. ವಾಕ್ಯದ ಕೊನೆಯಲ್ಲಿ ಅವರನ್ನು ನೋಡಿ. ಅವರು ಮಾತಾಡುವಾಗ ಜಾಸ್ತಿ ನೋಡಿ. ಕಣ್ಣಿಗೆ ಕಣ್ಣು ಸೇರಿಸಲು ಆಗುತ್ತಲೇ ಇಲ್ಲ ಅಂದರೆ ಹುಬ್ಬುಗಳ ನಡುವೆ ನೋಡಿ. ಅಷ್ಟು ದೂರದಿಂದ ವ್ಯತ್ಯಾಸ ತಿಳಿಯಲ್ಲ. ಕತ್ತಿನಿಂದ ಕೆಳಗೆ ನೋಡಿದರೆ ಮಾತ್ರ ಖಂಡಿತ ತಿಳಿಯುತ್ತದೆ.

ತಿಪಟೂರಿನ ಕೊಬ್ಬರಿ

ನಮ್ಮ ಚಿಕ್ಕಮ್ಮನ ಮಗ ಹೆಣ್ಣು ನೋಡಲು ತಿಪಟೂರಿನ ಕಡೆ ಹೋಗಿದ್ದ. ಹುಡುಗ ಮಹಾ ಸಂಕೋಚದವನು. ಮೆಟ್ಟಿಲು ಹತ್ತುವಾಗ ಅಟ್ಟದ ತುಂಬ ಕಾಯಿ ರಾಶಿ ಕಂಡಿತಂತೆ. “ನಮ್ಮನೇಲಿ ಎರಡು ಕಾಯಿ ಇಡೋಕೂ ಜಾಗ ಇಲ್ಲ. ಇಷ್ಟೊಂದನ್ನ ಯಾಕೆ ಹೀಗೆ ಇಟ್ಟಿದ್ದೀರಿ?” ಅಂತ ಕೇಳಿದ. ಅಲ್ಲಿಯವರೆಗೆ ತಲೆ ಎತ್ತದಿದ್ದ ಹುಡುಗಿ ನಿಂತುಬಿಟ್ಟಳು. ಅವು ಅಟ್ಟದಲ್ಲೇ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿ ಆಗುತ್ತವೆ ಅಂತ ಹೇಳಿ, ಒಂದು ಕಾಯಿ ತೆಗೆದು ಅವನ ಕಿವಿ ಹತ್ತಿರ ಅಲ್ಲಾಡಿಸಿದಳು. ಒಳಗೆ ಗುಡುಗುಡು ಸದ್ದು.

“ಹೀಗೆ ಸದ್ದು ಬಂದ್ರೆ ಆಯ್ತು ಅಂತ.”

“ಬರ್ದೇ ಇದ್ರೆ?”

“ಇನ್ನೂ ಕಾಯ್ಬೇಕು.”

ಆಮೇಲೆ ಅವನು ಹೊಸ ಪ್ರಶ್ನೆ ಹುಡುಕಲಿಲ್ಲ. ಅವಳ ಉತ್ತರದಲ್ಲಿದ್ದ ಪದವನ್ನೇ ಹಿಡಿದ. ಯಾರು ಅಲ್ಲಾಡಿಸಿ ನೋಡೋದು? ಅಜ್ಜಿ. ಅಜ್ಜಿ ಈಗ ಎಲ್ಲಿ? ಹೀಗೆ ಹೋಯಿತು ಮಾತು. ಇಬ್ಬರ ಕಣ್ಣೂ ಹೆಚ್ಚು ಹೊತ್ತು ಇದ್ದದ್ದು ಕಾಯಿ ಮೇಲೆ. ನೋಡಲು ಮೂರನೆಯದೊಂದು ವಸ್ತು ಇದ್ದರೆ ಮುಖ ನೋಡುವುದು ತಾನಾಗಿ ಹಗುರಾಗುತ್ತದೆ. ಅಟ್ಟ ಇಲ್ಲದ ಮನೆಯಲ್ಲಿ ಕುಂಡದ ಗಿಡ, ಬೀದಿಯ ನಾಯಿ, ಯಾವುದಾದರೂ ಆದೀತು.

ಅವರು ನೋಡದೇ ಇದ್ದರೆ?

ಕೂಡಲೇ ಇಷ್ಟ ಇಲ್ಲ ಅಂದುಕೊಳ್ಳಬೇಡಿ. “ತಲೆ ತಗ್ಗಿಸಿ ಕೂತ್ಕೋ” ಅಂತ ಮನೆಯಲ್ಲಿ ಹತ್ತು ಸಲ ಹೇಳಿ ಕಳಿಸಿರುತ್ತಾರೆ. ಕಣ್ಣಿಗಿಂತ ಉತ್ತರದ ಉದ್ದ ಗಮನಿಸಿ. ಉತ್ತರ ಉದ್ದವಾಗುತ್ತಾ ಹೋದರೆ, ಒಂದಾದರೂ ತಿರುಗಿ ಕೇಳಿದರೆ, ಅದು ಬರೀ ನಾಚಿಕೆ. ಆರೇಳು ನಿಮಿಷ ಕಳೆದರೂ ಒಂದೊಂದೇ ಪದ, ಏನೂ ಕೇಳಲ್ಲ, ಬಾಗಿಲ ಕಡೆಯೇ ನೋಟ ಅಂದರೆ ನೇರವಾಗಿ ಹೇಳಿ: “ಮನೆಯವರ ಒತ್ತಾಯಕ್ಕೆ ಕೂತಿದ್ದರೆ ಹೇಳಿ ಪರವಾಗಿಲ್ಲ. ಬೇಡ ಅಂತ ನಮ್ಮ ಕಡೆಯಿಂದಲೇ ಹೇಳ್ತೀನಿ.” ಹುಡುಗಿಯೂ ಹುಡುಗನಿಗೆ ಇದೇ ಮಾತು ಹೇಳಬಹುದು. ಒತ್ತಾಯಕ್ಕೆ ಬಂದ ಹುಡುಗರೂ ಕಮ್ಮಿ ಏನಿಲ್ಲ. ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ನಿರಿ, ಮುಖ ನೋಡುತ್ತಾ ಕೂರಬೇಡಿ. ಇಂಥ ಉತ್ತರ ಕೊಡುವವರಿಗೆ ಯಾರೂ ನೋಡದಿದ್ದರೇ ಅನುಕೂಲ.

ಮಾತು ಹಿಡಿಸಿದ್ದರೆ, ಕೆಳಗಿನಿಂದ ಕರೆ ಬರುವ ಮುಂಚೆಯೇ “ಇನ್ನೊಂದು ಸಲ ಮಾತಾಡೋಣವಾ?” ಅಂತ ಕೇಳಿಬಿಡಿ. “ಆಯ್ತೇನ್ರೋ ಮಾತು?” ಅಂತ ಮಾವಂದಿರು ಮೆಟ್ಟಿಲ ಕೆಳಗೆ ನಿಂತು ಕೂಗಿದ ಮೇಲೆ ಕೇಳಲು ಹೋದರೆ ಬಾಯಿಂದ ಬರುವುದು “ಸರಿ, ಬರ್ತೀನಿ” ಮಾತ್ರ.