ಸಭೆಯ ಸಾರಾಂಶವನ್ನು ಎಲ್ಲರಿಗೂ ಕಳುಹಿಸುವ ಮುನ್ನ ನಾನು ಮಾಡುವ ಕೆಲಸ

ಸಭೆಯ ಧ್ವನಿಮುದ್ರಣದಿಂದ ಟ್ರಾನ್ಸ್‌ಕ್ರಿಪ್ಟ್ ಸಿದ್ಧಪಡಿಸಿ, ಅದರಿಂದ ಎರಡು ಪುಟಗಳ ಸಾರಾಂಶ ಬರೆದು, ಸಭೆಯಲ್ಲಿ ಇಲ್ಲದವರೂ ಸೇರಿದಂತೆ ಇಡೀ ಸಂಸ್ಥೆಗೆ ಕಳುಹಿಸುವುದು ನನ್ನ ಕೆಲಸದ ಒಂದು ಭಾಗ. ಸಭೆಯಲ್ಲಿ ಕುಳಿತವರು ಒಬ್ಬರನ್ನೊಬ್ಬರು ಬಲ್ಲವರಾದ್ದರಿಂದ ಬಿಚ್ಚುಮನಸ್ಸಿನಿಂದ ಮಾತನಾಡಿರುತ್ತಾರೆ. ಅದೇ ಮಾತು ನೂರಾರು ಜನರ ಮುಂದೆ ಹೋದಾಗ ಅದರ ತೂಕವೇ ಬೇರೆ. ಆದ್ದರಿಂದ ಕಳುಹಿಸುವ ಪ್ರತಿಯಲ್ಲಿ ಯಾರ ಖಾಸಗಿ ವಿವರವೂ, ಯಾರನ್ನಾದರೂ ನೋಯಿಸುವ ಮಾತೂ ಉಳಿಯದಂತೆ ನೋಡಿಕೊಳ್ಳುತ್ತೇನೆ. ಹೆಸರು ಅಳಿಸುವುದು ಇದರಲ್ಲಿ ತೀರ ಸುಲಭದ ಭಾಗ. ಹೆಸರಿಲ್ಲದ ವಾಕ್ಯವೂ ವ್ಯಕ್ತಿಯತ್ತ ಬೆರಳು ತೋರಿಸುತ್ತಲೇ ಇರುತ್ತದೆ ಎಂಬುದೇ ನಿಜವಾದ ತೊಡಕು.

ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ವ್ಯಕ್ತಿಯ ಹೆಸರು ಮಹೇಶ್ ಎಂದಿಟ್ಟುಕೊಳ್ಳೋಣ. ಸಾರಾಂಶದ ಮೊದಲ ಕರಡಿನಲ್ಲಿ ಹೀಗಿತ್ತು: "ಹಳೆಯ ದಾಖಲೆಗಳ ವರ್ಗಾವಣೆ ಮೂರು ವಾರ ತಡವಾಗಿದೆ. ಮಹೇಶ್ ಅವರಿಗೆ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿದ್ದು, ತಿಂಗಳ ಕೊನೆಗೆ ಮರಳಬಹುದು. ಅವರಿದ್ದಾಗಲೂ ಈ ಕೆಲಸ ಸರಿಯಾಗಿ ನಡೆಯುತ್ತಿರಲಿಲ್ಲ ಎಂದು ಹಿರಿಯ ಸದಸ್ಯರೊಬ್ಬರು ಹೇಳಿದರು. ಇನ್ನೊಬ್ಬರಿಗೆ ತರಬೇತಿ ನೀಡಲು ತೀರ್ಮಾನವಾಯಿತು."

ಇಲ್ಲಿ ಹೆಸರಿನ ಜಾಗದಲ್ಲಿ "ಸಹೋದ್ಯೋಗಿಯೊಬ್ಬರು" ಎಂದು ಹಾಕಿದರೆ ಏನೂ ಪ್ರಯೋಜನವಿಲ್ಲ, ಏಕೆಂದರೆ ದಾಖಲೆ ವರ್ಗಾವಣೆ ನೋಡಿಕೊಳ್ಳುವವರು ಒಬ್ಬರೇ ಎಂಬುದು ಎಲ್ಲರಿಗೂ ಗೊತ್ತು. "ಶಸ್ತ್ರಚಿಕಿತ್ಸೆ"ಯನ್ನು "ವೈದ್ಯಕೀಯ ಕಾರಣ" ಎಂದು ಮಸುಕುಗೊಳಿಸಿದರೂ ಆರೋಗ್ಯದ ಸಂಗತಿ ಬಯಲಾಗಿಯೇ ಇರುತ್ತದೆ, ಮೇಲಾಗಿ ಓದುಗರ ಕುತೂಹಲ ಇನ್ನಷ್ಟು ಕೆರಳುತ್ತದೆ. ಇಂಥ ಕಡೆ ನಾನು ಪದ ಬದಲಿಸುವುದನ್ನು ಬಿಟ್ಟು, ಸಭೆಗೆ ಬಾರದ ಓದುಗರಿಗೆ ಈ ಪರಿಚ್ಛೇದದಿಂದ ನಿಜವಾಗಿ ಬೇಕಾದದ್ದು ಏನು ಎಂದು ಕೇಳಿಕೊಳ್ಳುತ್ತೇನೆ. ಕೆಲಸ ಎಷ್ಟು ತಡವಾಗಿದೆ, ಮುಂದೇನು ಮಾಡುತ್ತಾರೆ, ಇಷ್ಟೇ. ಆಗ ವಾಕ್ಯ ಹೀಗಾಗುತ್ತದೆ: "ಹಳೆಯ ದಾಖಲೆಗಳ ವರ್ಗಾವಣೆ ಮೂರು ವಾರ ತಡವಾಗಿದೆ, ಈ ಕೆಲಸಕ್ಕೆ ಇನ್ನೊಬ್ಬರನ್ನು ತರಬೇತುಗೊಳಿಸಲು ಸಭೆ ತೀರ್ಮಾನಿಸಿತು." ಯಾರ ಬಗ್ಗೆ ಎಂದು ಬಲ್ಲವರು ಈಗಲೂ ಊಹಿಸಬಹುದು, ಆದರೆ ಊಹಿಸಿದ ಮೇಲೂ ಅವರಿಗೆ ಆ ವ್ಯಕ್ತಿಯ ಆರೋಗ್ಯದ ಕುರಿತು ಹೊಸದೇನೂ ಸಿಗುವುದಿಲ್ಲ. ವ್ಯಕ್ತಿಯನ್ನು ಮರೆಮಾಡಲಾಗದ ಕಡೆ ವ್ಯಕ್ತಿಯ ಕುರಿತ ಸಂಗತಿಯನ್ನೇ ತೆಗೆಯಬೇಕಾಗುತ್ತದೆ.

ಹಿರಿಯ ಸದಸ್ಯರ ಟೀಕೆಯದು ಬೇರೆ ಲೆಕ್ಕ. ಅದನ್ನು ಕಣ್ಣುಮುಚ್ಚಿ ಅಳಿಸುವ ಮೊದಲು ಟ್ರಾನ್ಸ್‌ಕ್ರಿಪ್ಟ್‌ನ ಆ ಭಾಗಕ್ಕೆ ಹಿಂದಿರುಗಿ, ಮಾತಿನ ಹಿಂದೆ ಕೆಲಸಕ್ಕೆ ಸಂಬಂಧಿಸಿದ ಅಂಶವೇನಾದರೂ ಇದೆಯೇ ಎಂದು ನೋಡುತ್ತೇನೆ. ಇಲ್ಲಿ ಇತ್ತು: ವರ್ಗಾಯಿಸಿದ ದಾಖಲೆಗಳನ್ನು ಎರಡನೆಯವರು ಪರಿಶೀಲಿಸುವ ವ್ಯವಸ್ಥೆಯೇ ಇರಲಿಲ್ಲ, ಅದನ್ನು ಆರಂಭಿಸಬೇಕೆಂದು ಚರ್ಚೆಯೂ ಆಗಿತ್ತು. ಹಾಗಾಗಿ "ವರ್ಗಾಯಿಸಿದ ದಾಖಲೆಗಳ ಮರುಪರಿಶೀಲನೆಯ ಬಗ್ಗೆ ಚರ್ಚೆಯಾಯಿತು" ಎಂಬ ಸಾಲು ಉಳಿಯಿತು, ಟೀಕೆ ಹೋಯಿತು. ಅಂಥದ್ದೇನೂ ಇಲ್ಲದೆ ಬರೀ ಅಸಮಾಧಾನವಾಗಿದ್ದರೆ ಇಡಿಯಾಗಿ ತೆಗೆದುಬಿಡುತ್ತೇನೆ. ಆದರೆ ನಯಗೊಳಿಸುವ ಭರದಲ್ಲಿ ಸಭೆ ತೀರ್ಮಾನಿಸದೇ ಇದ್ದದ್ದನ್ನು ತೀರ್ಮಾನವೆಂದು ಬರೆಯಬಾರದು. "ಚರ್ಚೆಯಾಯಿತು" ಮತ್ತು "ತೀರ್ಮಾನವಾಯಿತು" ಎಂಬುವು ಪರಸ್ಪರ ಜಾಗ ಬದಲಿಸದಂತೆ ಈ ಹಂತದಲ್ಲಿ ವಿಶೇಷವಾಗಿ ಎಚ್ಚರ ವಹಿಸುತ್ತೇನೆ.

ಕನ್ನಡದಲ್ಲಿ ಬರೆಯುವಾಗ ಕ್ರಿಯಾಪದವೂ ಗುಟ್ಟು ಬಿಟ್ಟುಕೊಡುತ್ತದೆ. "ಒಬ್ಬಳು ವಿರೋಧಿಸಿದಳು" ಎಂದರೆ, ತಂಡದಲ್ಲಿ ಇರುವ ಹೆಂಗಸು ಒಬ್ಬರೇ ಆಗಿದ್ದಲ್ಲಿ, ಹೆಸರು ಬರೆದಂತೆಯೇ ಸರಿ. ಆದ್ದರಿಂದ ಎಲ್ಲರಿಗೂ "ಅವರು", "ವಿರೋಧಿಸಿದರು" ಎಂಬ ಗೌರವವಾಚಕ ರೂಪವನ್ನೇ ಬಳಸುತ್ತೇನೆ. "ಸದಸ್ಯೆ", "ಅಧ್ಯಕ್ಷೆ" ಎಂಬ ರೂಪಗಳನ್ನು ಬಿಡುತ್ತೇನೆ. "ಐವರಲ್ಲಿ ಲೆಕ್ಕಪತ್ರ ವಿಭಾಗದವರು ಮಾತ್ರ ಒಪ್ಪಲಿಲ್ಲ" ಎಂಬಂಥ ವಾಕ್ಯ ಇನ್ನೂ ಅಪಾಯಕಾರಿ. ಆಕ್ಷೇಪಣೆಯ ಕಾರಣ ಮುಖ್ಯವಾಗಿದ್ದರೆ ಕಾರಣವನ್ನು ಬರೆಯುತ್ತೇನೆ, ಎತ್ತಿದವರನ್ನು ಬಿಡುತ್ತೇನೆ. ಇದಕ್ಕೆ ಹೊರತು ಒಂದೇ: ಮುಂದಿನ ಕೆಲಸ ಯಾರ ಹೊಣೆ ಎಂಬ ಸಾಲಿನಲ್ಲಿ ಹುದ್ದೆ ಅಥವಾ ಹೆಸರು ಇರಲೇಬೇಕು, ಇಲ್ಲದಿದ್ದರೆ ಸಾರಾಂಶಕ್ಕೆ ಅರ್ಥವಿಲ್ಲ. ಅದನ್ನು ಆಯಾ ವ್ಯಕ್ತಿಯ ಒಪ್ಪಿಗೆ ಪಡೆದು ಉಳಿಸುತ್ತೇನೆ.

ಬಳಿಕ ಹುಡುಕಾಟ. ಹುಡುಕುವ ಪೆಟ್ಟಿಗೆಯಲ್ಲಿ "ಮಹೇಶ್" ಎಂದು ಬರೆದರೆ "ಮಹೇಶ್‌ಗೆ" ಸಿಗುತ್ತದೆ, ಆದರೆ "ಮಹೇಶನಿಗೆ", "ಮಹೇಶರ" ಸಿಗುವುದಿಲ್ಲ, ಏಕೆಂದರೆ ಅವುಗಳಲ್ಲಿ ಶಕಾರದ ಅರ್ಧಾಕ್ಷರವಿಲ್ಲ. ಹಾಗಾಗಿ ಕೊನೆಯ ಅಕ್ಷರವನ್ನು ಕೈಬಿಟ್ಟು "ಮಹೇ" ಎಂದಷ್ಟೇ ಹುಡುಕುತ್ತೇನೆ. ಧ್ವನಿಯಿಂದ ಮೂಡಿದ ಬರಹದಲ್ಲಿ ಅದೇ ಹೆಸರು ಒಂದೆಡೆ "ಮಹೇಶ್ವರ" ಎಂದೂ ಇನ್ನೊಂದೆಡೆ ಇಂಗ್ಲಿಷ್ ಅಕ್ಷರಗಳಲ್ಲೂ ಬಂದಿರಬಹುದು, ಅದನ್ನೂ ನೋಡಬೇಕು. ಎಲ್ಲವನ್ನೂ ಒಮ್ಮೆಲೇ ಬದಲಿಸುವ ಗುಂಡಿಯನ್ನು ನಾನು ಒತ್ತುವುದಿಲ್ಲ. ಆ ಹೆಸರಿಗೆ ಸಂಬಂಧವೇ ಇಲ್ಲದ ಪದಗಳೂ ಅದರ ಬಾಯಿಗೆ ಬೀಳುತ್ತವೆ, ವಿಭಕ್ತಿ ಪ್ರತ್ಯಯಗಳು ಹೊಸ ಪದಕ್ಕೆ ಅಂಟದೆ ವಾಕ್ಯ ಕುಂಟುತ್ತದೆ. ಕುಂಟಿದ ವಾಕ್ಯ ಕಂಡೊಡನೆ ಇಲ್ಲಿ ಏನೋ ತೆಗೆದಿದ್ದಾರೆ ಎಂದು ಓದುಗರಿಗೆ ತಿಳಿದುಬಿಡುತ್ತದೆ. ಫೋನ್ ಸಂಖ್ಯೆ, ಇಮೇಲ್ ವಿಳಾಸಗಳಿಗಾಗಿ ಅಂಕಿಗಳನ್ನೂ @ ಚಿಹ್ನೆಯನ್ನೂ ಹುಡುಕುತ್ತೇನೆ.

ಪಠ್ಯ ಶುದ್ಧವಾದರೂ ಫೈಲು ಶುದ್ಧವಾಗಿರಬೇಕೆಂದಿಲ್ಲ. ತಿದ್ದುಪಡಿಯ ಇತಿಹಾಸದಲ್ಲಿ, ಅಂಚಿನ ಟಿಪ್ಪಣಿಗಳಲ್ಲಿ, ಫೈಲಿನ ಹೆಸರಿನಲ್ಲಿ ಅಳಿಸಿದ ವಿವರ ಹಾಗೇ ಇರಬಹುದು. ಪಿಡಿಎಫ್‌ನಲ್ಲಿ ಸಾಲಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಕೆಳಗಿನ ಅಕ್ಷರಗಳು ಅಳಿಯುವುದಿಲ್ಲ. ಆಯ್ದು ನಕಲಿಸಿ ಬೇರೆಡೆ ಅಂಟಿಸಿದರೆ ಓದಲು ಸಿಗುತ್ತವೆ. ನಾನು ಅಂತಿಮ ಪಠ್ಯವನ್ನು ಸಾದಾ ಅಕ್ಷರರೂಪದಲ್ಲಿ ನಕಲಿಸಿ, ಹೊಸ ಖಾಲಿ ಫೈಲಿಗೆ ಅಂಟಿಸಿ, ಅಲ್ಲಿಂದಲೇ ಕಳುಹಿಸುವ ಪ್ರತಿಯನ್ನು ಮಾಡುತ್ತೇನೆ. ಮೂಲ ಟ್ರಾನ್ಸ್‌ಕ್ರಿಪ್ಟ್‌ಗೆ ಹೋಗುವ ಕೊಂಡಿ ಸಾರಾಂಶದ ಕೆಳಗೆ ಉಳಿದಿದ್ದರೆ, ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ. ಪ್ರತಿ ಅಂಶದ ಪಕ್ಕದಲ್ಲಿರುವ ಧ್ವನಿಮುದ್ರಣದ ಸಮಯವನ್ನೂ ತೆಗೆಯುತ್ತೇನೆ. ಧ್ವನಿಮುದ್ರಣ ಕೈಯಲ್ಲಿರುವವರಿಗೆ ಮಾತು ಯಾರದೆಂದು ತಿಳಿಯಲು ಅದೇ ಸಾಕ್ಷಿ.

ಕೊನೆಯಲ್ಲಿ ಸಭೆಗೆ ಬಾರದ, ಆದರೆ ಜನರನ್ನೆಲ್ಲ ಚೆನ್ನಾಗಿ ಬಲ್ಲ ಒಬ್ಬರಿಗೆ ಓದಲು ಕೊಡುತ್ತೇನೆ. ಪೂರಾ ಹೊರಗಿನವರಿಗೆ ಕೊಟ್ಟರೆ ಉಪಯೋಗವಿಲ್ಲ, ಅವರಿಗೆ ಎಲ್ಲವೂ ನಿರಪಾಯವಾಗಿಯೇ ಕಾಣುತ್ತದೆ. ಓದಿದವರನ್ನು ಕೇಳುವುದು ಎರಡೇ ಮಾತು: ಇದರಲ್ಲಿ ಯಾರದಾದರೂ ಗುರುತು ಸಿಕ್ಕಿತೇ, ಸಿಕ್ಕಿದ್ದರೆ ಅವರ ಬಗ್ಗೆ ಮೊದಲು ಗೊತ್ತಿಲ್ಲದ್ದೇನಾದರೂ ತಿಳಿಯಿತೇ? ಎರಡನೆಯದಕ್ಕೆ ಹೌದು ಎಂದರೆ ಆ ಪರಿಚ್ಛೇದ ಮತ್ತೆ ನನ್ನ ಮೇಜಿಗೆ ಬರುತ್ತದೆ. ಎಷ್ಟು ತಿದ್ದಿದರೂ ಪಳಗದ ಅಂಶಗಳೂ ಇರುತ್ತವೆ, ಒಬ್ಬರ ಮೇಲಿನ ದೂರಿನ ಚರ್ಚೆಯಂಥವು. ಅಂಥವನ್ನು ಸಾರಾಂಶದಿಂದ ಪೂರ್ತಿ ಹೊರಗಿಟ್ಟು, ಸಂಬಂಧಪಟ್ಟ ಮೂರ್ನಾಲ್ಕು ಜನರಿಗೆ ಪ್ರತ್ಯೇಕ ಟಿಪ್ಪಣಿಯಾಗಿ ಕಳುಹಿಸುತ್ತೇನೆ. "ಸಿಬ್ಬಂದಿಗೆ ಸಂಬಂಧಿಸಿದ ಒಂದು ವಿಷಯ ಚರ್ಚೆಯಾಯಿತು" ಎಂಬ ಸಾಲನ್ನೂ ಆ ಜಾಗದಲ್ಲಿ ಉಳಿಸುವುದಿಲ್ಲ.