ಚಕ್ಕುಲಿ ಮನೆಯಿಂದ ಶೆಡ್ಡಿಗೆ: ಎಷ್ಟು ಕೆಜಿ ಆದ ಮೇಲೆ ಹೋಗಬೇಕು?

ದಿನಕ್ಕೆ 10 ಕೆಜಿ ಚಕ್ಕುಲಿ ಮಾಡಿ ಅಂಗಡಿಗಳಿಗೆ ಹಾಕುವ ಒಬ್ಬ ಹೆಂಗಸನ್ನು ನೆನೆಸಿಕೊಳ್ಳಿ. ಆರ್ಡರ್ ಬರುತ್ತಲೇ ಇದೆ, ಅಡುಗೆಮನೆ ಸಾಲುತ್ತಿಲ್ಲ. ಪಕ್ಕದ ಬೀದಿಯಲ್ಲಿ 6,000 ರೂಪಾಯಿ ಬಾಡಿಗೆಗೆ ಒಂದು ಶೆಡ್ ಇದೆ. ಹಿಡಿಯಬೇಕೋ ಬೇಡವೋ? ಇದನ್ನು ಧೈರ್ಯದಿಂದ ತೀರ್ಮಾನಿಸುವುದಲ್ಲ, ಲೆಕ್ಕದಿಂದ. ಕೆಳಗಿನ ದರಗಳೆಲ್ಲ ಉದಾಹರಣೆಗೆ ಹಾಕಿದವು. ನಿಮ್ಮೂರಿನ ದರ ಹಾಕಿಕೊಂಡು ನೀವೂ ಮಾಡಿ ನೋಡಿ.

ಮೊದಲು ನಿಮಗೆ ನೀವೇ ಕೂಲಿ ಕೊಟ್ಟುಕೊಳ್ಳಿ

10 ಕೆಜಿ ಚಕ್ಕುಲಿಗೆ ಅಕ್ಕಿ, ಉದ್ದಿನಬೇಳೆ, ಗಿರಣಿ ಕೂಲಿ, ಬೆಣ್ಣೆ, ಎಳ್ಳು, ಜೀರಿಗೆ, ಎಣ್ಣೆ ಎಲ್ಲ ಸೇರಿ 1,150 ರೂಪಾಯಿ ಅನ್ನೋಣ. ಗ್ಯಾಸಿಗೆ 200, ಕಾಲು ಕೆಜಿಯ 40 ಪ್ಯಾಕೆಟ್ಟಿನ ಕವರು, ಲೇಬಲ್ಲಿಗೆ 160. ಒಟ್ಟು 1,510. ಅಂಗಡಿಯವರು ಕೆಜಿಗೆ 240ರಂತೆ ಕೊಡುವುದು 2,400. ಉಳಿದದ್ದು 890. ತಿಂಗಳಿಗೆ 25 ದಿನ ಅಂದರೆ 22,250. ಸಾಮಾನ್ಯವಾಗಿ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ, ಇದನ್ನೇ ಲಾಭ ಅಂತಾರೆ.

ಆದರೆ ಬೆಳಿಗ್ಗೆಯಿಂದ ಏಳು ಗಂಟೆ ದುಡಿದವರು ಯಾರು? ಅದೇ ಕೆಲಸಕ್ಕೆ ಬೇರೆಯವರನ್ನು ಕರೆದಿದ್ದರೆ 500 ಕೊಡಬೇಕಿತ್ತು. ಸ್ಕೂಟರಿನ ಪೆಟ್ರೋಲಿಗೆ 60. ಮುರಿದು ವಾಪಸ್ ಬರುವ ಪ್ಯಾಕೆಟ್ಟುಗಳಿಗೆ ಕೆಜಿಗೆ 12ರಂತೆ 120. ಇದನ್ನೆಲ್ಲ ಕಳೆದರೆ ದಿನಕ್ಕೆ ನಿಜವಾದ ಲಾಭ 210. ತಿಂಗಳಿಗೆ 5,250. ಮತ್ತೆ ವ್ಯಾಪಾರಕ್ಕೆ ಹಾಕಲು ಇರುವ ದುಡ್ಡು ಇಷ್ಟೇ. ಮಿಕ್ಕಿದ್ದರಲ್ಲಿ 12,500 ನಿಮ್ಮ ಕೂಲಿ, ಅದು ಮನೆ ಖರ್ಚಿಗೆ ಹೋಗುತ್ತದೆ, ಹೋಗಲೂಬೇಕು. ಕೂಲಿಯನ್ನು ಪ್ರತಿ ವಾರ ಬೇರೆ ಖಾತೆಗೆ ಹಾಕಿಕೊಳ್ಳಿ. ಎರಡೂ ಒಂದೇ ಡಬ್ಬಿಯಲ್ಲಿ ಇದ್ದರೆ ಯಾವುದು ಯಾವುದೆಂದು ತಿಳಿಯುವುದೇ ಇಲ್ಲ.

ಎಷ್ಟು ಕೆಜಿಗೆ ಶೆಡ್ ತಾಳುತ್ತದೆ

ಶೆಡ್ ಬಾಡಿಗೆ 6,000, ಕರೆಂಟ್ 1,500. ತಿಂಗಳಿಗೆ 7,500. ಈಗಿನ 5,250ಕ್ಕೆ ಇದು ತಾಳುವುದಿಲ್ಲ.

15 ಕೆಜಿ ಆದರೆ? ಕೂಲಿ, ಪೆಟ್ರೋಲ್ ಬಿಟ್ಟು ಕೆಜಿಗೆ 77 ರೂಪಾಯಿ ಉಳಿಯುತ್ತದೆ, ದಿನಕ್ಕೆ 1,155. ನಿಮ್ಮ ಕೂಲಿ, ಅರ್ಧ ದಿನದ ಒಬ್ಬರ ಕೂಲಿ ಸೇರಿ 750. ಪೆಟ್ರೋಲ್ 75. ತಿಂಗಳ ಕೊನೆಗೆ 8,250. ಅದರಲ್ಲಿ ಬಾಡಿಗೆ, ಕರೆಂಟ್ ಹೋದರೆ ಕೈಯಲ್ಲಿ 750. ಅಷ್ಟಕ್ಕೆ ಮನೆ ಬಿಟ್ಟು ಹೋಗಬೇಕಾ? ಅದೇ 25 ಕೆಜಿಯನ್ನು ಇಬ್ಬರು ಮಾಡಿ ಮುಗಿಸುವಂತಾದರೆ, ಎಲ್ಲ ಕಳೆದು 13,000 ಚಿಲ್ಲರೆ ಉಳಿಯುತ್ತದೆ.

ಹಾಗಾಗಿ ನನ್ನ ಗೆರೆ ಇದು: ದಿನಕ್ಕೆ 20 ಕೆಜಿ ಆರ್ಡರ್ ಸತತವಾಗಿ ಮೂರು ತಿಂಗಳು ನಿಂತರೆ ಶೆಡ್ ನೋಡಿ. ಈ ಮೂರು ತಿಂಗಳಲ್ಲಿ ಗೋಕುಲಾಷ್ಟಮಿ, ಗಣೇಶನ ಹಬ್ಬ, ದೀಪಾವಳಿ ಸೇರಬಾರದು. ಅಷ್ಟಮಿಯ ಹಿಂದಿನ ವಾರ ಯಾರ ಚಕ್ಕುಲಿಯೂ ಉಳಿಯುವುದಿಲ್ಲ. ಅದನ್ನು ನಂಬಿ ಬಾಡಿಗೆ ಕರಾರು ಮಾಡಿಕೊಂಡರೆ ಬೇಸಿಗೆಯಲ್ಲಿ ಕಷ್ಟ.

ಲಾಭ ಮೊದಲು ಹೋಗಬೇಕಾದದ್ದು ಯಂತ್ರಕ್ಕಲ್ಲ, ಉದ್ರಿಗೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಮನೆ ಗಿರಾಕಿ ಕೈಗೇ ದುಡ್ಡು ಕೊಡುತ್ತಾರೆ. ಅಂಗಡಿಯವರು "ಮುಂದಿನ ಸಲ ಬಂದಾಗ ತಗೊಳ್ಳಿ ಅಮ್ಮ" ಅನ್ನುತ್ತಾರೆ. ದಿನಕ್ಕೆ 25 ಕೆಜಿ ಹಾಕಿ, 20 ದಿನದ ಸರಕಿನ ದುಡ್ಡು ಬಾಕಿ ನಿಂತರೆ, ಅಂಗಡಿಗಳಿಂದ ಬರಬೇಕಾದದ್ದು 1,20,000. ಅದರಲ್ಲಿ ಅಕ್ಕಿ, ಎಣ್ಣೆ, ಗ್ಯಾಸು, ಕವರಿಗೆಂದು ನೀವು ಆಗಲೇ ಕೈಯಿಂದ ಹಾಕಿರುವುದು 75,000ಕ್ಕೂ ಹೆಚ್ಚು. ಪುಸ್ತಕದಲ್ಲಿ ಲಾಭ ಕಾಣುತ್ತದೆ, ನಾಳೆ ಎಣ್ಣೆ ಡಬ್ಬ ತರಲು ದುಡ್ಡಿರುವುದಿಲ್ಲ. ಸಣ್ಣ ಯೂನಿಟ್ಟುಗಳು ಆರ್ಡರ್ ಇದ್ದೂ ಬಾಗಿಲು ಹಾಕುವುದು ಹೀಗೆ.

ಅದಕ್ಕೇ ಮೊದಲ ಕೆಲವು ತಿಂಗಳ ಲಾಭವನ್ನು ಮುಟ್ಟದೆ ಇಟ್ಟು, ಕನಿಷ್ಠ 20 ದಿನದ ಸರಕಿನ ಖರ್ಚು ಕೂಡಿಸಿ. ಹೊಸ ಅಂಗಡಿಗೆ ಎರಡನೇ ಸಲ ಸರಕು ಹಾಕುವ ಮುಂಚೆ ಮೊದಲನೆಯದರ ದುಡ್ಡು ತೆಗೆದುಕೊಳ್ಳಿ. ಇದಕ್ಕೆ ಒಪ್ಪದ ಅಂಗಡಿ ದೊಡ್ಡದಾದರೂ ಬಿಟ್ಟುಬಿಡಿ. ಬಾಕಿ ದಿನ ಏರುತ್ತಿದೆಯಾ ಅಂತ ಪ್ರತಿ ಭಾನುವಾರ ನೋಡಿ. 20 ಇದ್ದದ್ದು 26, 30 ಆಗುತ್ತಿದ್ದರೆ ಉತ್ಪಾದನೆ ಹೆಚ್ಚಿಸಬೇಡಿ.

ಯಾವ ಯಂತ್ರ?

ಒಂದು ವಾರ ಗಡಿಯಾರ ನೋಡಿ ಬರೆದಿಡಿ. ಹಿಟ್ಟು ಕಲಸಲು ಮುಕ್ಕಾಲು ಗಂಟೆ, ಒರಳಿನಲ್ಲಿ ಒತ್ತಲು ಮೂರು ಗಂಟೆ, ಕರಿಯಲು ಎರಡು, ಪ್ಯಾಕ್ ಮಾಡಲು ಒಂದು ಗಂಟೆ ಹೀಗೆ ಬರುತ್ತದೆ. ಗಂಟೆಗೆ ಸುಮಾರು 70 ರೂಪಾಯಿ ಕೂಲಿ ಹಿಡಿಯಿರಿ. ಒತ್ತುವ ಯಂತ್ರ ದಿನಕ್ಕೆ ಎರಡು ಗಂಟೆ ಉಳಿಸಿದರೆ ತಿಂಗಳಿಗೆ 3,500. ಅದರ ಬೆಲೆ 35,000 ಆದರೆ ಹತ್ತು ತಿಂಗಳಲ್ಲಿ ದುಡ್ಡು ವಾಪಸ್. ಕಲಸುವ ಯಂತ್ರ ಉಳಿಸುವುದು ಅರ್ಧ ಗಂಟೆ, ತಿಂಗಳಿಗೆ 875. 28,000 ಕೊಟ್ಟು ತಂದರೆ 32 ತಿಂಗಳು ಕಾಯಬೇಕು. ಆದರೂ ಜನ ಮೊದಲು ತರುವುದು ಕಲಸುವ ಯಂತ್ರವನ್ನೇ, ರಟ್ಟೆ ನೋವು ಅದರಲ್ಲೇ ಜಾಸ್ತಿ ಅಲ್ವಾ! ಇನ್ನೊಂದು ಮಾತು. ಉಳಿದ ಗಂಟೆಯಲ್ಲಿ ಇನ್ನಷ್ಟು ಚಕ್ಕುಲಿ ಮಾಡಿ, ಅದು ಮಾರಾಟವಾದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಯಂತ್ರ ಕೊಳ್ಳುವ ಮುಂಚೆ ನಿಮ್ಮದೇ ಹಿಟ್ಟು ಒಯ್ದು ಅಂಗಡಿಯಲ್ಲೇ ಒತ್ತಿಸಿ ನೋಡಿ. ಕೈಯಲ್ಲಿ ಒತ್ತುವ ಹದದ ಹಿಟ್ಟು ಕೆಲವು ಯಂತ್ರದಲ್ಲಿ ತುಂಡಾಗುತ್ತದೆ. ನೀರು ಹೆಚ್ಚು ಮಾಡಿದರೆ ಚಕ್ಕುಲಿ ಎಣ್ಣೆ ಕುಡಿಯುತ್ತದೆ.

ದೊಡ್ಡ ಬಾಣಲೆಯ ಆಸೆಗೂ ಬೀಳಬೇಡಿ. 10 ಕೆಜಿ ಚಕ್ಕುಲಿ ಹೆಚ್ಚುಕಡಿಮೆ ಎರಡೂವರೆ, ಮೂರು ಲೀಟರ್ ಎಣ್ಣೆ ಹೀರುತ್ತದೆ. ಆರು ಲೀಟರಿನ ಬಾಣಲೆಯಾದರೆ ಪ್ರತಿ ದಿನ ಅರ್ಧದಷ್ಟು ಹೊಸ ಎಣ್ಣೆ ಸೇರುತ್ತಿರುತ್ತದೆ. 25 ಲೀಟರಿನ ಬಾಣಲೆಯಲ್ಲಿ ಅದೇ ಹಳೆ ಎಣ್ಣೆ ದಿನಗಟ್ಟಲೆ ಕಾಯುತ್ತದೆ. ನೊರೆ ಎದ್ದು ಇಳಿಯದಿದ್ದರೆ, ಬೇಗ ಹೊಗೆ ಬಂದರೆ, ಎಣ್ಣೆ ಅಂಟು ಅಂಟಾದರೆ ಚೆಲ್ಲುವ ಕಾಲ ಬಂತು ಅಂತಲೇ ಅರ್ಥ. ಎಣ್ಣೆ ಮತ್ತೆ ಮತ್ತೆ ಕಾದಾಗ ಅದರಲ್ಲಿ ಹೆಚ್ಚುವ ಪೋಲಾರ್ ಅಂಶ ಶೇ 25 ದಾಟಬಾರದೆಂಬ ನಿಯಮ 2018ರಿಂದ ಇದೆ. ಅಂಥ ಎಣ್ಣೆಯಲ್ಲಿ ಕರಿದ ಸರಕು ಪ್ಯಾಕೆಟ್ಟಿನಲ್ಲಿ ಬೇಗ ಕಮಟು ಹಿಡಿಯುತ್ತದೆ. ವಾಪಸ್ ಬರುವ ಪ್ಯಾಕೆಟ್ ಇದ್ದಕ್ಕಿದ್ದಂತೆ ಹೆಚ್ಚಿದರೆ ಮೊದಲು ಎಣ್ಣೆ ನೋಡಿ, ಆಮೇಲೆ ಬಿಸಿ ಆರುವ ಮುಂಚೆ ಪ್ಯಾಕ್ ಮಾಡಿದಿರಾ ಅಂತ ನೋಡಿ.

ಕಾಗದ, ಸಾಲ

ಜಾಗ ಬದಲಾದರೆ ಹೊಸ ವಿಳಾಸಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನೋಂದಣಿ ಅಥವಾ ಪರವಾನಗಿ ಇರಬೇಕು. ಆ 14 ಅಂಕಿಯ ಸಂಖ್ಯೆ ಪ್ರತಿ ಪ್ಯಾಕೆಟ್ಟಿನ ಮೇಲೂ ಇರಬೇಕು. ಊರಿನ ಪುರಸಭೆ ಅಥವಾ ಪಂಚಾಯಿತಿಯ ಪರವಾನಗಿ, ಮುದ್ರೆ ಒತ್ತಿದ ತಕ್ಕಡಿ, ಮನೆ ಬಳಕೆಯದಲ್ಲದ ಕರೆಂಟ್ ಮೀಟರ್ ಬೇಕು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಅದಕ್ಕೆ ಏಜೆಂಟರಿಗೆ ದುಡ್ಡು ಕೊಡಬೇಡಿ. ನಮ್ಮ 25 ಕೆಜಿ ಲೆಕ್ಕದಲ್ಲಿ ವರ್ಷದ ವಹಿವಾಟು 18 ಲಕ್ಷ. ರಾಜ್ಯದೊಳಗೇ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ.

ಸಣ್ಣ ಆಹಾರ ಘಟಕಗಳಿಗೆಂದು ಇರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ, ಸಾಲ ಪಡೆದು ಯಂತ್ರ ಹಾಕಿದರೆ ಅರ್ಹ ವೆಚ್ಚದ ಶೇ 35 ಸಹಾಯಧನ ಇಟ್ಟಿದ್ದಾರೆ, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಇದಕ್ಕೆ ಶೇ 15 ಸೇರಿಸಿದೆ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಜಿಲ್ಲೆಯ ಕೃಷಿ ಇಲಾಖೆಯಲ್ಲಿ ಕೇಳಿ. ಆದರೆ ಈ ಸಹಾಯಧನ ನಿಮ್ಮ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಇದ್ದು, ಕಂತು ಸರಿಯಾಗಿ ಕಟ್ಟಿ ಯೂನಿಟ್ ನಡೆಯುತ್ತಿದ್ದರೆ ಸಾಲಕ್ಕೆ ವಜಾ ಆಗುತ್ತದೆ. ಆದ್ದರಿಂದ ಕಂತಿನ ಲೆಕ್ಕ ಹಾಕುವಾಗ ಸಹಾಯಧನ ಇಲ್ಲವೇ ಇಲ್ಲ ಅಂದುಕೊಂಡು ಹಾಕಿ. ನಮ್ಮ ಲೆಕ್ಕದ 13,000ದಲ್ಲಿ ಕಂತು 5,000 ದಾಟಿದರೆ ಸಣ್ಣ ಯಂತ್ರ ಕೇಳಿ. ಆಷಾಢದಲ್ಲಿ ಆರ್ಡರ್ ಇಳಿದಾಗಲೂ ಆ ಕಂತು ಕಟ್ಟಲೇಬೇಕು.